ಯೂಟ್ಯೂಬ್ ಪಾವತಿ ಪಟ್ಟಿ ಓದುವುದು ಹೇಗೆ: ಸ್ಟುಡಿಯೋದ 181 ಡಾಲರ್ ಬ್ಯಾಂಕಿಗೆ ಬರುವಾಗ ಎಷ್ಟಾಗುತ್ತದೆ?

ಯೂಟ್ಯೂಬ್ ಚಾನೆಲ್ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಯೂಟ್ಯೂಬ್ ಸ್ಟುಡಿಯೋದಲ್ಲಿ 181 ಡಾಲರ್ ತೋರಿಸಿತ್ತು. ಡಾಲರಿಗೆ ₹87.50ರ ದರದಲ್ಲಿ ಹದಿನೈದು ಸಾವಿರದ ಎಂಟುನೂರು ಚಿಲ್ಲರೆ ಬರಬೇಕು. ಬ್ಯಾಂಕಿಗೆ ಬಂದದ್ದು ಹದಿನಾಲ್ಕೂವರೆ ಸಾವಿರವೂ ಇಲ್ಲ. ಉಳಿದದ್ದು ಎಲ್ಲಿ ಹೋಯಿತು?" ಹೆಚ್ಚಿನವರು ಅದು ಯೂಟ್ಯೂಬಿನ ಪಾಲು ಎಂದುಕೊಳ್ಳುತ್ತಾರೆ. ಅದು ತಪ್ಪು. ಯೂಟ್ಯೂಬ್ ತನ್ನ ಪಾಲನ್ನು ನಿಮಗೆ 181 ಎಂಬ ಸಂಖ್ಯೆ ತೋರಿಸುವ ಮೊದಲೇ ತೆಗೆದುಕೊಂಡಿರುತ್ತದೆ. ಆಮೇಲೆ ಕಡಿಮೆಯಾಗುವ ಹಣಕ್ಕೆ ಬೇರೆಯೇ ಕಾರಣಗಳಿವೆ, ಪ್ರತಿಯೊಂದಕ್ಕೂ ಒಂದೊಂದು ಸಾಲು ಅಥವಾ ಒಂದೊಂದು ಕಾಗದವಿದೆ.

ಈ ಲೇಖನದಲ್ಲಿ ಒಂದು ತಿಂಗಳ ಲೆಕ್ಕವನ್ನು ಮೇಲಿನಿಂದ ಕೆಳಗಿನವರೆಗೆ ಬಿಡಿಸಿದ್ದೇವೆ. ಉದಾಹರಣೆಗೆ ಕರ್ನಾಟಕದಿಂದ ನಡೆಯುವ ಒಂದು ಕನ್ನಡ ಅಡುಗೆ ಚಾನೆಲ್ ಇಟ್ಟುಕೊಳ್ಳೋಣ. ಹೆಚ್ಚಿನ ನೋಡುಗರು ಇಲ್ಲಿಯವರು, ಅಮೆರಿಕದಲ್ಲಿರುವ ಕನ್ನಡಿಗರೂ ಒಂದಷ್ಟು ಜನ ನೋಡುತ್ತಾರೆ. ಚಾನೆಲ್ ಒಬ್ಬ ವ್ಯಕ್ತಿಯ ಹೆಸರಿನಲ್ಲಿದೆ, ಕಂಪನಿಯ ಹೆಸರಿನಲ್ಲಿ ಅಲ್ಲ. ಅಂಕಿಗಳು ಲೆಕ್ಕ ತೋರಿಸಲು ಹಾಕಿಕೊಂಡವು. ಶೇಕಡಾ ಪಾಲು, ತಾರೀಕು ಮತ್ತು ಮಿತಿಗಳು ಮಾತ್ರ ನಿಜದವು.

ಕೂರುವ ಮೊದಲು ಏನೇನು ಬೇಕು

ಕಂಪ್ಯೂಟರಿನಲ್ಲಿ ಎರಡು ಕಿಟಕಿ ತೆರೆದಿಡಿ. ಒಂದರಲ್ಲಿ ಯೂಟ್ಯೂಬ್ ಸ್ಟುಡಿಯೋದ Analytics ಒಳಗಿನ Revenue ಪುಟ, ಇನ್ನೊಂದರಲ್ಲಿ ಗಳಿಕೆಯನ್ನು ಬ್ಯಾಂಕಿಗೆ ಕಳಿಸುವ ಗೂಗಲ್‌ನ ಆಡ್‌ಸೆನ್ಸ್ ಫಾರ್ ಯೂಟ್ಯೂಬ್ ಖಾತೆಯ Payments ಪುಟ. ಇದನ್ನು ಮೊಬೈಲ್ ಆ್ಯಪಿನಲ್ಲಿ ಮಾಡಲು ಹೋಗಬೇಡಿ, ಬೇಕಾದ ಅಂಕಣಗಳು ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಜೊತೆಗೆ ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ವಿದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಸೂಚನಾ ಪತ್ರ ಇರಲಿ.

1. ಮೊದಲು ತಿಂಗಳು ಸರಿಯಾಗಿ ಹಿಡಿಯಿರಿ

ಲೆಕ್ಕ ತಾಳೆಯಾಗದಿರಲು ಸಾಮಾನ್ಯ ಕಾರಣ ಇದೇ: ಒಂದು ತಿಂಗಳ ಗಳಿಕೆಯನ್ನು ಇನ್ನೊಂದು ತಿಂಗಳ ಪಾವತಿಗೆ ಹೋಲಿಸುವುದು.

ಆಗಸ್ಟ್ 1ರಿಂದ 31ರವರೆಗಿನ ಗಳಿಕೆ ಆಡ್‌ಸೆನ್ಸ್ ಖಾತೆಗೆ ಏರುವುದು ಸೆಪ್ಟೆಂಬರ್ 7ರಿಂದ 12ರ ನಡುವೆ. ಅದು ಬ್ಯಾಂಕಿಗೆ ಹೊರಡುವುದು ಸೆಪ್ಟೆಂಬರ್ 21ರಿಂದ 26ರ ನಡುವೆ. ಅಂದರೆ ಸೆಪ್ಟೆಂಬರ್ ಕೊನೆಗೆ ಬಂದ ಹಣವನ್ನು ಆಗಸ್ಟ್ ತಿಂಗಳ ಸ್ಟುಡಿಯೋ ಲೆಕ್ಕದ ಪಕ್ಕದಲ್ಲಿಡಬೇಕು. ಸ್ಟುಡಿಯೋ ತೆರೆದಾಗ ಸಾಮಾನ್ಯವಾಗಿ "ಕಳೆದ 28 ದಿನ" ಎಂದು ಆಯ್ಕೆಯಾಗಿರುತ್ತದೆ. ಅದನ್ನು ಬದಲಿಸಿ ಪೂರ್ತಿ ಆಗಸ್ಟ್ ಆರಿಸಿಕೊಳ್ಳಿ. ಮೂರು ದಿನದ ಗಳಿಕೆ ಬಿಟ್ಟುಹೋದರೆ ಲೆಕ್ಕ ಎಂದಿಗೂ ಕೂಡಿಬರುವುದಿಲ್ಲ.

ತಿಂಗಳ ಮೊದಲ ವಾರದಲ್ಲಿ ಆಡ್‌ಸೆನ್ಸ್ ಖಾತೆಯಲ್ಲಿ ಸೊನ್ನೆ ಕಂಡು ಗಾಬರಿಯಾಗುವವರಿದ್ದಾರೆ. ಯೂಟ್ಯೂಬ್ ಗಳಿಕೆ ಅಲ್ಲಿ ದಿನದಿನವೂ ಏರುವುದಿಲ್ಲ, ತಿಂಗಳಿಗೆ ಒಮ್ಮೆ ಒಟ್ಟಾಗಿ ಬಂದು ಕೂರುತ್ತದೆ. 12ನೇ ತಾರೀಕು ಕಳೆದ ಮೇಲೆ ನೋಡಿದರೆ ಸಾಕು.

2. ಒಟ್ಟು ವಹಿವಾಟನ್ನು ನೀವೇ ಲೆಕ್ಕ ಹಾಕಿ ತೆಗೆಯಿರಿ

ಜಾಹೀರಾತುದಾರರು ನಿಮ್ಮ ವಿಡಿಯೋಗಳ ಮೇಲೆ ಒಟ್ಟು ಎಷ್ಟು ಖರ್ಚು ಮಾಡಿದರು ಎಂಬುದು ಪಾವತಿ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಸ್ಟುಡಿಯೋದ Estimated revenue ಕೂಡ ಯೂಟ್ಯೂಬಿನ ಪಾಲು ಕಳೆದ ಮೇಲಿನ ಮೊತ್ತ. ಆದರೆ ಒಟ್ಟು ಮೊತ್ತಕ್ಕೆ ದಾರಿಯಿದೆ.

Revenue ಪುಟದಿಂದ Advanced mode ಒಳಗೆ ಹೋಗಿ ಎರಡು ಅಂಕಣ ಆರಿಸಿಕೊಳ್ಳಿ. ಮೊದಲನೆಯದು Estimated monetized playbacks, ಅಂದರೆ ಕನಿಷ್ಠ ಒಂದಾದರೂ ಜಾಹೀರಾತು ಕಾಣಿಸಿಕೊಂಡ ವೀಕ್ಷಣೆಗಳ ಸಂಖ್ಯೆ. ಎರಡನೆಯದು Playback-based CPM, ಅಂದರೆ ಅಂಥ ಸಾವಿರ ವೀಕ್ಷಣೆಗೆ ಜಾಹೀರಾತುದಾರರು ಕೊಟ್ಟ ಹಣ. ಸ್ಟುಡಿಯೋದಲ್ಲಿ ಯೂಟ್ಯೂಬಿನ ಪಾಲು ಕಳೆಯದೆ ತೋರಿಸುವುದು ಈ ಸಿಪಿಎಂ ಗುಂಪಿನ ಅಂಕಿಗಳನ್ನು ಮಾತ್ರ. ಹೆಸರಿನಲ್ಲಿ ಇದನ್ನೇ ಹೋಲುವ ಆರ್‌ಪಿಎಂ ಬೇರೆ: ಅದು ಎಲ್ಲ ಬಗೆಯ ಗಳಿಕೆ ಸೇರಿಸಿ, ಪಾಲು ಕಳೆದು, ಜಾಹೀರಾತು ಬಂದದ್ದೂ ಬಾರದ್ದೂ ಸೇರಿ ಸಾವಿರ ವೀಕ್ಷಣೆಗೆ ನಿಮಗೆ ಉಳಿದದ್ದು. ಇವೆರಡನ್ನು ಅದಲುಬದಲು ಮಾಡಿ "ಯೂಟ್ಯೂಬ್ ಮುಕ್ಕಾಲು ಪಾಲು ತಿಂದುಬಿಟ್ಟಿತು" ಎನ್ನುವವರು ಕಡಿಮೆಯಿಲ್ಲ.

ನಮ್ಮ ಅಡುಗೆ ಚಾನೆಲ್ಲಿನ ಆಗಸ್ಟ್ ಲೆಕ್ಕ ಹೀಗಿದೆ:

```
1,50,000 ÷ 1000 × $1.80 = $270.00   ಜಾಹೀರಾತುದಾರರು ಕೊಟ್ಟದ್ದು
$270.00 × 55%           = $148.50   ಚಾನೆಲ್ ಪಾಲು
```

ಉದ್ದದ ವಿಡಿಯೋಗಳ ಜಾಹೀರಾತಿನಲ್ಲಿ ಚಾನೆಲ್‌ಗೆ 55%, ಯೂಟ್ಯೂಬಿಗೆ 45%. ಹಾಗಾಗಿ ಯೂಟ್ಯೂಬಿಗೆ ಹೋದದ್ದು 121.50 ಡಾಲರ್. ನಿಮ್ಮ ಲೆಕ್ಕದಲ್ಲಿ ಬಂದ 55% ಮತ್ತು ಸ್ಟುಡಿಯೋ ತೋರಿಸುವ ಜಾಹೀರಾತು ಗಳಿಕೆಯ ನಡುವೆ ಕೆಲವು ಸೆಂಟುಗಳ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ, ಸಿಪಿಎಂ ಅನ್ನು ಎರಡು ದಶಮಾಂಶಕ್ಕೆ ಮೊಟಕು ಮಾಡಿ ತೋರಿಸುತ್ತಾರೆ. ವ್ಯತ್ಯಾಸ ದೊಡ್ಡದಿದ್ದರೆ ಯಾವುದಾದರೂ ವಿಡಿಯೋ ಮೇಲೆ ಹಾಡಿನ ಹಕ್ಕುದಾರರು ಕ್ಲೇಮ್ ಹಾಕಿದ್ದಾರೆಯೇ ನೋಡಿ. ಹಬ್ಬದ ಅಡುಗೆ ವಿಡಿಯೋಗೆ ಹಿನ್ನೆಲೆಯಲ್ಲಿ ಭಕ್ತಿಗೀತೆ ಹಾಕಿದವರಿಗೆ ಇದು ಮಾಮೂಲಿ: ವೀಕ್ಷಣೆ ನಿಮ್ಮದು, ಹಣ ಅವರದು.

ಶಾರ್ಟ್ಸ್‌ಗೆ ಈ ಗುಣಾಕಾರ ಹೊಂದುವುದಿಲ್ಲ. ಅಲ್ಲಿ ಶಾರ್ಟ್ಸ್ ನಡುವೆ ಬರುವ ಜಾಹೀರಾತುಗಳ ಹಣವನ್ನೆಲ್ಲ ಒಂದು ರಾಶಿಗೆ ಹಾಕುತ್ತಾರೆ. ಶಾರ್ಟ್ಸ್‌ನಲ್ಲಿ ಸಂಗೀತ ಬಳಸಿದ್ದರೆ ಅದಕ್ಕೆ ಸಂಬಂಧಿಸಿದ ಭಾಗ ಸಂಗೀತದ ಹಕ್ಕಿನ ಖರ್ಚಿಗೆ ಹೋಗುತ್ತದೆ. ಉಳಿದದ್ದನ್ನು ವೀಕ್ಷಣೆಗೆ ತಕ್ಕಂತೆ ಹಂಚಿ, ನಿಮಗೆ ಬಂದ ಹಂಚಿಕೆಯಲ್ಲಿ 45% ಕೊಡುತ್ತಾರೆ. ಆದ್ದರಿಂದ ಶಾರ್ಟ್ಸ್‌ನ ಒಟ್ಟು ವಹಿವಾಟನ್ನು ವಿಡಿಯೋವಾರು ಹುಡುಕಿ ಸಮಯ ಕಳೆಯಬೇಡಿ. ನಮ್ಮ ಉದಾಹರಣೆಯಲ್ಲಿ ಅಲ್ಲಿಂದ ಬಂದದ್ದು 9.30 ಡಾಲರ್. ಜಾಹೀರಾತಿಲ್ಲದೆ ನೋಡುವ ಪ್ರೀಮಿಯಂ ಚಂದಾದಾರರ ವೀಕ್ಷಣೆಯಿಂದ ಬಂದದ್ದು 7.20 ಡಾಲರ್. ಇದಕ್ಕೂ ಸಿಪಿಎಂ ಇಲ್ಲ.

3. ಸದಸ್ಯತ್ವ ಮತ್ತು ಸೂಪರ್ ಚಾಟ್: ನೋಡುಗ ಕೊಟ್ಟ ಹಣದಿಂದ ಶುರುಮಾಡಿ

ಇಲ್ಲಿ ಮಾತ್ರ ನಿಜವಾದ ಅರ್ಥದಲ್ಲಿ "ಮಾರಾಟ" ಇದೆ, ಏಕೆಂದರೆ ನೋಡುಗನೇ ಜೇಬಿನಿಂದ ಹಣ ಕೊಡುತ್ತಾನೆ. ಚಾನೆಲ್‌ಗೆ ಸಿಗುವುದು 70%. ಆದರೆ ಯಾವುದರ 70% ಎಂಬಲ್ಲಿ ಎಡವುತ್ತಾರೆ.

ತಿಂಗಳಿಗೆ ₹59ರ ಸದಸ್ಯತ್ವ ತೆಗೆದುಕೊಳ್ಳಿ. ಅದರ 70% ಎಂದರೆ ₹41.30 ಎಂದು ಬಹಳ ಜನ ಲೆಕ್ಕ ಹಾಕಿಕೊಂಡಿರುತ್ತಾರೆ. ಆ ₹59ರಲ್ಲಿ 18% ಜಿಎಸ್‌ಟಿ ಸೇರಿದೆ. ಮೊದಲು ಅದನ್ನು ಹೊರಗೆ ತೆಗೆಯಬೇಕು. ತೆಗೆಯುವಾಗ 59ರಲ್ಲಿ 18% ಕಳೆಯಬಾರದು, 1.18ರಿಂದ ಭಾಗಿಸಬೇಕು.

```
₹59 ÷ 1.18   = ₹50   ತೆರಿಗೆ ಬಿಟ್ಟ ಬೆಲೆ
₹50 × 70%    = ₹35   ಚಾನೆಲ್‌ಗೆ
₹35 × 40 ಜನ  = ₹1,400
```

ಡಾಲರಿಗೆ ₹87.50 ಎಂದು ಹಿಡಿದರೆ ಇದು 16 ಡಾಲರ್. ಸದಸ್ಯರು ಐಫೋನ್ ಆ್ಯಪಿನ ಒಳಗಿಂದಲೇ ಹಣ ಕಟ್ಟಿದ್ದರೆ ಆಪಲ್‌ನ ಶುಲ್ಕವೂ 70% ಲೆಕ್ಕ ಹಾಕುವ ಮೊದಲೇ ಹೋಗುತ್ತದೆ. ಹಾಗಾಗಿ 40 ಸದಸ್ಯರಿದ್ದೂ ನಿಮ್ಮ ಮೊತ್ತ ಸ್ವಲ್ಪ ಕಡಿಮೆ ಕಂಡರೆ ಇದು ಒಂದು ಕಾರಣ. ಇನ್ನೊಂದು, ತಿಂಗಳ ನಡುವೆ ಕಾರ್ಡ್ ಅಥವಾ ಯುಪಿಐ ಪಾವತಿ ವಿಫಲವಾದವರು. ಕಾರ್ಡ್ ಕಂಪನಿಯ ವಹಿವಾಟು ಶುಲ್ಕವನ್ನು ಮಾತ್ರ ಯೂಟ್ಯೂಬ್ ತಾನೇ ಭರಿಸುತ್ತದೆ, ಅದು ನಿಮ್ಮ ತಲೆಗೆ ಬರುವುದಿಲ್ಲ.

ಇಲ್ಲಿಗೆ ಆಗಸ್ಟ್ ಅಂದಾಜು ಗಳಿಕೆ: 148.50 + 9.30 + 7.20 + 16.00 = 181 ಡಾಲರ್. ಇದೇ ಸ್ಟುಡಿಯೋದಲ್ಲಿ ಕಂಡ ಸಂಖ್ಯೆ.

4. ಅಂದಾಜು ಬೇರೆ, ಅಂತಿಮ ಗಳಿಕೆ ಬೇರೆ

ಈಗ ಆಡ್‌ಸೆನ್ಸ್ ಕಿಟಕಿಗೆ ಬನ್ನಿ. Payments ಪುಟದಲ್ಲಿ View transactions ಒತ್ತಿದರೆ ತಿಂಗಳವಾರು ಸಾಲುಗಳು ಕಾಣುತ್ತವೆ. ಬ್ಯಾಂಕ್ ಪಾಸ್‌ಬುಕ್ಕಿನ ಹಾಗೆಯೇ ಓದಬೇಕು: ಗಳಿಕೆಯ ಸಾಲು ಜಮೆ, ತೆರಿಗೆಯ ಸಾಲು ಮತ್ತು ಪಾವತಿಯ ಸಾಲು ಖರ್ಚು, ಕೊನೆಯ ಅಂಕಣದಲ್ಲಿ ಉಳಿದ ಬಾಕಿ.

ಆಗಸ್ಟ್ ಗಳಿಕೆಯ ಸಾಲಿನಲ್ಲಿ 181 ಇರುವುದಿಲ್ಲ, ನಮ್ಮ ಉದಾಹರಣೆಯಲ್ಲಿ 178.60 ಇದೆ. ಕಡಿಮೆಯಾದ 2.40 ಡಾಲರ್ ಹೊಂದಾಣಿಕೆ. ಅಕ್ರಮ ವೀಕ್ಷಣೆ ಎಂದು ಯೂಟ್ಯೂಬ್ ಗುರುತಿಸಿದ್ದು, ಅಂದರೆ ಯಂತ್ರದಿಂದಲೋ ಬೇಕೆಂದೇ ಒತ್ತಿಯೋ ಬಂದ ಜಾಹೀರಾತು ಕ್ಲಿಕ್ಕುಗಳು, ಮತ್ತು ಹಕ್ಕುಸ್ವಾಮ್ಯ ಕ್ಲೇಮ್‌ಗಳ ಇತ್ಯರ್ಥದಿಂದ ಬದಲಾದದ್ದು ಇದರಲ್ಲಿ ಸೇರುತ್ತದೆ. ಅಂತಿಮ ಮೊತ್ತ ನಿಗದಿಯಾಗುವುದು ಮುಂದಿನ ತಿಂಗಳಲ್ಲಿ. ಆದ್ದರಿಂದ ಸ್ಟುಡಿಯೋದಲ್ಲಿ ತಿಂಗಳ ಕೊನೆಯ ದಿನ ತೆಗೆದ ಸ್ಕ್ರೀನ್‌ಶಾಟನ್ನು ಸಾಕ್ಷಿಯಾಗಿ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಅಂತಿಮಗೊಂಡ ನಂತರ ಅದೇ ಆಗಸ್ಟನ್ನು ಸ್ಟುಡಿಯೋದಲ್ಲಿ ಮತ್ತೆ ತೆರೆಯಿರಿ, ಸಂಖ್ಯೆ ಆಡ್‌ಸೆನ್ಸ್‌ಗೆ ಹತ್ತಿರ ಬಂದಿರುತ್ತದೆ.

ಒಂದೆರಡು ಶೇಕಡಾ ವ್ಯತ್ಯಾಸ ಸಹಜ. ಹತ್ತಿಪ್ಪತ್ತು ಶೇಕಡಾ ಇಳಿದಿದ್ದರೆ ಆ ತಿಂಗಳು ವೀಕ್ಷಣೆ ಹೆಚ್ಚಿಸಲು ಯಾರಿಗಾದರೂ ಹಣ ಕೊಟ್ಟಿದ್ದೀರಾ ನೆನಪಿಸಿಕೊಳ್ಳಿ. "ಸಾವಿರ ರೂಪಾಯಿಗೆ ಲಕ್ಷ ವ್ಯೂಸ್" ಮಾರುವವರ ಸರಕು ಸ್ಟುಡಿಯೋ ಅಂದಾಜಿನಲ್ಲಿ ಮೆರೆದು ಇಲ್ಲಿ ಉದುರುತ್ತದೆ.

5. ತೆರಿಗೆಯ ಸಾಲು: ಇದು ಅಮೆರಿಕದ ತೆರಿಗೆ, ಭಾರತದ್ದಲ್ಲ

ಹೆಚ್ಚು ಹಣ ಸುಮ್ಮನೆ ಕೈಬಿಟ್ಟುಹೋಗುವುದು ಇಲ್ಲಿಯೇ, ಸ್ವಲ್ಪ ನಿಧಾನವಾಗಿ ಓದಿ.

ಸಂಬಳದಲ್ಲಿ ಟಿಡಿಎಸ್ ಮುರಿದುಕೊಂಡು ಕೊಡುವ ಹಾಗೆ ಗೂಗಲ್ ಕೂಡ ಅಮೆರಿಕ ಸರಕಾರದ ಪರವಾಗಿ ತೆರಿಗೆ ಮುರಿದುಕೊಳ್ಳುತ್ತದೆ. ಯೂಟ್ಯೂಬ್ ಗಳಿಕೆಗೆ ಇದು ಶುರುವಾದದ್ದು 2021ರಲ್ಲಿ. ಸರಿಯಾದ ತೆರಿಗೆ ಮಾಹಿತಿಯ ಕಾಗದ ಕೊಟ್ಟವರಿಗೆ ಈ ತೆರಿಗೆ ಅನ್ವಯಿಸುವುದು ಅಮೆರಿಕದಲ್ಲಿ ಕುಳಿತು ನೋಡಿದವರಿಂದ ಬಂದ ಗಳಿಕೆಗೆ ಮಾತ್ರ. ಜಾಹೀರಾತು, ಪ್ರೀಮಿಯಂ, ಸೂಪರ್ ಚಾಟ್, ಸದಸ್ಯತ್ವ ಎಲ್ಲವೂ ಅದರಲ್ಲಿ ಸೇರುತ್ತವೆ. ಮೈಸೂರು, ದುಬೈ, ಲಂಡನ್ನಿನ ನೋಡುಗರಿಂದ ಬಂದದ್ದಕ್ಕೆ ಇದು ತಟ್ಟುವುದಿಲ್ಲ.

ಅಮೆರಿಕದ ಪಾಲು ಎಷ್ಟು ಎಂದು ನೋಡಲು ಸ್ಟುಡಿಯೋದ Advanced mode ಒಳಗೆ Geography ಆರಿಸಿ, Estimated revenue ಅಂಕಣದಲ್ಲಿ United States ಸಾಲು ಓದಿ. ವೀಕ್ಷಣೆಯ ಅಂಕಣ ಓದಿ ಮೋಸಹೋಗಬೇಡಿ. ನಮ್ಮ ಚಾನೆಲ್‌ಗೆ ಅಮೆರಿಕದಿಂದ ಬಂದ ವೀಕ್ಷಣೆ 5% ಮಾತ್ರ, ಆದರೆ ಗಳಿಕೆ 46 ಡಾಲರ್, ಅಂದರೆ ಒಟ್ಟಿನ ಕಾಲು ಭಾಗಕ್ಕಿಂತ ತುಸು ಹೆಚ್ಚು. ಅಲ್ಲಿ ಜಾಹೀರಾತು ದರ ಇಲ್ಲಿಯದಕ್ಕಿಂತ ಬಹಳ ಮೇಲಿರುವುದೇ ಕಾರಣ.

ಈಗ ಆ ಕಾಗದ ಕೊಟ್ಟಿದ್ದಾರೆಯೇ, ಅದರಲ್ಲಿ ಭಾರತ–ಅಮೆರಿಕ ತೆರಿಗೆ ಒಪ್ಪಂದದ ಪ್ರಯೋಜನ ಕೇಳಿದ್ದಾರೆಯೇ ಎಂಬುದಕ್ಕೆ ತಕ್ಕಂತೆ ಅದೇ ತಿಂಗಳಿಗೆ ಮೂರು ಬಗೆಯ ಕಡಿತ ಹೇಗೆ ಆಗಬಹುದು ನೋಡಿ:

```
ಕಾಗದವನ್ನೇ ಕೊಟ್ಟಿಲ್ಲ:             $178.60 × 24% = $42.86
ಕೊಟ್ಟಿದ್ದಾರೆ, ಒಪ್ಪಂದ ಕೇಳಿಲ್ಲ:      $46.00 × 30%  = $13.80
ಕೊಟ್ಟು, ಒಪ್ಪಂದವನ್ನೂ ಕೇಳಿದ್ದಾರೆ:   $46.00 × 15%  = $6.90
```

ಮೊದಲ ಸಾಲಿನಲ್ಲಿ 24% ಬಿದ್ದಿರುವುದು ಅಮೆರಿಕದ ಪಾಲಿನ ಮೇಲಲ್ಲ, ಇಡೀ ಜಗತ್ತಿನ ಗಳಿಕೆಯ ಮೇಲೆ. ವೈಯಕ್ತಿಕ ಖಾತೆಯವರು ತೆರಿಗೆ ಮಾಹಿತಿ ಕೊಡದಿದ್ದರೆ ಅಷ್ಟರವರೆಗೆ ಕಡಿಯಲು ಅವಕಾಶವಿದೆ. ಅಮೆರಿಕದಲ್ಲಿ ಒಬ್ಬ ನೋಡುಗನೂ ಇಲ್ಲದಿದ್ದರೂ ಬೀಳಬಹುದು. "ನನ್ನ ಚಾನೆಲ್ ನೋಡುವವರೆಲ್ಲ ಹಾವೇರಿ, ಗದಗದವರು, ನನಗೇಕೆ ಆ ಫಾರ್ಮು" ಎಂದು ಬಿಟ್ಟವರೇ ಇದರಲ್ಲಿ ಸಿಕ್ಕಿಬೀಳುವುದು.

ಕೊಡಬೇಕಾದ ಫಾರ್ಮು W-8BEN, ಅಮೆರಿಕದ ಪ್ರಜೆ ಅಲ್ಲದ ವ್ಯಕ್ತಿಗಳಿಗೆ ಇರುವುದು. ಆಡ್‌ಸೆನ್ಸ್ ಖಾತೆಯ Payments ಒಳಗೆ, ಸೆಟ್ಟಿಂಗ್ಸ್‌ನಲ್ಲಿ ಅಮೆರಿಕದ ತೆರಿಗೆ ಮಾಹಿತಿ ಎಂಬ ಭಾಗದಲ್ಲಿ ತುಂಬಬಹುದು. ವಿದೇಶಿ ತೆರಿಗೆ ಸಂಖ್ಯೆ ಕೇಳುವಲ್ಲಿ ನಿಮ್ಮ ಪ್ಯಾನ್ ಹಾಕಿ. ಹೆಸರು ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಇರಲಿ, ಚಾನೆಲ್ಲಿನ ಹೆಸರು ಹಾಕಬೇಡಿ. ಮುಂದೆ ಒಪ್ಪಂದದ ಪ್ರಯೋಜನ ಬೇಕೇ ಎಂದು ಕೇಳುವ ಪುಟವಿದೆ. ಅದನ್ನು "ಇಲ್ಲ" ಎಂದು ದಾಟಿಬಿಟ್ಟವರೇ ಎರಡನೇ ಸಾಲಿನ 30% ಕಟ್ಟುವವರು. "ಹೌದು" ಎಂದು ಒತ್ತಿ, ಭಾರತ ಆರಿಸಿ, ಚಲನಚಿತ್ರ ಮತ್ತು ಟಿವಿ ಹಾಗೂ ಇತರ ಹಕ್ಕುಸ್ವಾಮ್ಯ ಎಂಬ ಎರಡೂ ರಾಯಧನದ ಸಾಲುಗಳಲ್ಲಿ ಭಾರತ–ಅಮೆರಿಕ ತೆರಿಗೆ ಒಪ್ಪಂದದ 12ನೇ ವಿಧಿ ಮತ್ತು 15% ಆರಿಸಬೇಕು. ರಾಯಧನ ಎಂದರೆ ಕೃತಿಯ ಬಳಕೆಗೆ ಸಿಗುವ ರಾಯಲ್ಟಿ. ಯೂಟ್ಯೂಬ್ ಗಳಿಕೆಯನ್ನು ಅಮೆರಿಕದ ತೆರಿಗೆ ನಿಯಮ ಹಾಗೆ ಪರಿಗಣಿಸುತ್ತದೆ.

ಒಮ್ಮೆ ತುಂಬಿ ಮರೆತರೆ ಆಗುವುದಿಲ್ಲ. ಈ ಫಾರ್ಮು ಸಹಿ ಮಾಡಿದ ವರ್ಷ ಬಿಟ್ಟು ಮುಂದಿನ ಮೂರನೇ ವರ್ಷದ ಡಿಸೆಂಬರ್ 31ರವರೆಗೆ ಮಾತ್ರ ನಡೆಯುತ್ತದೆ. 2023ರ ಯಾವುದೇ ತಿಂಗಳಲ್ಲಿ ಸಹಿ ಹಾಕಿದ್ದು 2026ರ ಕೊನೆಗೆ ಮುಗಿಯುತ್ತದೆ. ವರ್ಷಗಳ ಕಾಲ ಏಳೆಂಟು ಡಾಲರ್ ಇದ್ದ ತೆರಿಗೆಯ ಸಾಲು ಜನವರಿಯ ನಂತರ ಇದ್ದಕ್ಕಿದ್ದಂತೆ ನಲವತ್ತಕ್ಕೆ ಹಾರಿದರೆ ಮೊದಲು ಇದನ್ನೇ ನೋಡಿ. ಹೆಚ್ಚು ಕಡಿತವಾಗಿದೆ ಎಂದು ಗೊತ್ತಾದರೆ ಅದೇ ವರ್ಷ ಡಿಸೆಂಬರ್ ಮುಗಿಯುವ ಮೊದಲು ಸರಿಯಾದ ಫಾರ್ಮು ಕೊಡಿ, ಹೆಚ್ಚುವರಿ ಹಣ ಆಡ್‌ಸೆನ್ಸ್ ಮೂಲಕವೇ ಮರಳಿ ಬರುವ ಅವಕಾಶವಿದೆ. ವರ್ಷ ದಾಟಿದರೆ ಅಮೆರಿಕದ ತೆರಿಗೆ ಇಲಾಖೆಯನ್ನೇ ಕೇಳಬೇಕು. ಹತ್ತಾರು ಡಾಲರಿಗೆ ಆ ಸಾಹಸ ಯಾರೂ ಮಾಡುವುದಿಲ್ಲ.

ಸ್ಟುಡಿಯೋದ Revenue ಪುಟ ಈ ತೆರಿಗೆಯನ್ನು ತೋರಿಸುವುದಿಲ್ಲ, ಅದನ್ನು ಆಡ್‌ಸೆನ್ಸ್ ವಹಿವಾಟಿನ ಪಟ್ಟಿಯಲ್ಲಿ ನೋಡಬೇಕು. ನಮ್ಮ ಚಾನೆಲ್‌ನವರು ಫಾರ್ಮು ಸರಿಯಾಗಿ ಕೊಟ್ಟಿದ್ದಾರೆ ಎಂದಿಟ್ಟುಕೊಂಡರೆ: 178.60 − 6.90 = 171.70 ಡಾಲರ್.

6. ಕನಿಷ್ಠ ಮಿತಿ: ಹಣ ಯಾಕೆ ಹೊರಡಲಿಲ್ಲ?

ಡಾಲರ್ ಖಾತೆಗೆ ಕನಿಷ್ಠ ಪಾವತಿ ಮಿತಿ 100 ಡಾಲರ್. ಬಾಕಿ ಅಷ್ಟು ತಲುಪದಿದ್ದರೆ ಹಣ ಎಲ್ಲಿಯೂ ಹೋಗುವುದಿಲ್ಲ, ಮುಂದಿನ ತಿಂಗಳಿಗೆ ಸೇರಿಕೊಳ್ಳುತ್ತದೆ. ತೆರಿಗೆಯ ಮಾತು ಬಿಟ್ಟು ಹೇಳುವುದಾದರೆ, ಒಂದು ಚಿಕ್ಕ ಚಾನೆಲ್ ಜೂನ್‌ನಲ್ಲಿ 38, ಜುಲೈಯಲ್ಲಿ 47, ಆಗಸ್ಟ್‌ನಲ್ಲಿ 52 ಡಾಲರ್ ಗಳಿಸಿದರೆ ಬಾಕಿ 38, 85, 137 ಎಂದು ಏರುತ್ತದೆ. ಸೆಪ್ಟೆಂಬರ್‌ನಲ್ಲಿ ಮೂರೂ ತಿಂಗಳದ್ದು ಒಟ್ಟಿಗೆ, 137 ಪೂರ್ತಿಯಾಗಿ, ಹೊರಡುತ್ತದೆ. ನೂರು ಮಾತ್ರ ಬಂದು 37 ಉಳಿಯುತ್ತದೆ ಎಂಬುದು ತಪ್ಪು ಕಲ್ಪನೆ.

ನೂರಕ್ಕೆ ಮೊದಲು 10 ಡಾಲರಿನ ಇನ್ನೊಂದು ಗೆರೆಯಿದೆ. ಬಾಕಿ ಹತ್ತು ತಲುಪಿದಾಗ ವಿಳಾಸ ಖಚಿತಪಡಿಸಲು ಪಿನ್ ಸಂಖ್ಯೆಯ ಪತ್ರ ಅಂಚೆಯಲ್ಲಿ ಬರುತ್ತದೆ, ಬ್ಯಾಂಕ್ ವಿವರ ತುಂಬಲೂ ಆಗ ಅವಕಾಶ ಸಿಗುತ್ತದೆ. ಪತ್ರ ಬರಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು. ಹಳ್ಳಿಯ ವಿಳಾಸವಾದರೆ ಪಿನ್‌ಕೋಡ್, ಅಂಚೆ ಕಚೇರಿಯ ಹೆಸರು ಸರಿಯಾಗಿ ಬರೆಯಿರಿ, ಪೋಸ್ಟ್‌ಮ್ಯಾನ್‌ಗೂ ಒಂದು ಮಾತು ಹೇಳಿಡಿ. ಸಾದಾ ಪತ್ರ ಅದು, ರಿಜಿಸ್ಟರ್ಡ್ ಅಲ್ಲ. ನಾಲ್ಕು ತಿಂಗಳಲ್ಲಿ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ.

ಬಾಕಿ ನೂರು ದಾಟಿದರೂ ಹಣ ಹೊರಡದಿದ್ದರೆ ಮೂರು ಕಡೆ ನೋಡಿ. ಪಿನ್ ಅಥವಾ ಬ್ಯಾಂಕ್ ವಿವರ ಬಾಕಿಯಿದ್ದು Payments ಪುಟದ ಮೇಲೆ ಎಚ್ಚರಿಕೆ ಇರಬಹುದು. ಅದನ್ನು 20ನೇ ತಾರೀಕಿನೊಳಗೆ ಬಗೆಹರಿಸಿದರೆ ಮಾತ್ರ ಆ ತಿಂಗಳ ಪಾವತಿಗೆ ಸೇರುತ್ತದೆ. ನೀವೇ ಎಂದೋ ಸೆಟ್ಟಿಂಗ್ಸ್‌ನಲ್ಲಿ ಮಿತಿಯನ್ನು ನೂರಕ್ಕಿಂತ ಮೇಲೆ ಏರಿಸಿಟ್ಟಿರಬಹುದು. ಇಲ್ಲವೇ ಎರಡು ಬಾಕಿಗಳನ್ನು ನೀವು ಮನಸ್ಸಿನಲ್ಲೇ ಕೂಡಿಸಿರಬಹುದು: ಬ್ಲಾಗಿನ ಆಡ್‌ಸೆನ್ಸ್ ಗಳಿಕೆ ಮತ್ತು ಯೂಟ್ಯೂಬ್ ಗಳಿಕೆ 2022ರಿಂದ ಬೇರೆ ಬೇರೆ ಪಾವತಿ ಖಾತೆಗಳಲ್ಲಿವೆ. ಅಲ್ಲಿ 60, ಇಲ್ಲಿ 70 ಇದ್ದರೆ 130 ಆಗುವುದಿಲ್ಲ, ಎರಡೂ ಪ್ರತ್ಯೇಕವಾಗಿ ನೂರು ಮುಟ್ಟಬೇಕು.

7. ಡಾಲರಿನಿಂದ ರೂಪಾಯಿಗೆ

ಭಾರತಕ್ಕೆ ಹಣ ವೈರ್ ಟ್ರಾನ್ಸ್‌ಫರ್ ಮೂಲಕ ಬರುತ್ತದೆ, ಅಂದರೆ ಸ್ವಿಫ್ಟ್ ಕೋಡ್ ಆಧರಿಸಿದ ಅಂತರರಾಷ್ಟ್ರೀಯ ಬ್ಯಾಂಕ್ ವರ್ಗಾವಣೆ. ಸ್ವಿಫ್ಟ್ ಕೋಡ್ ಎಲ್ಲ ಶಾಖೆಗಳಿಗೂ ಇರುವುದಿಲ್ಲ; ಇಲ್ಲದಿದ್ದರೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಯ ಕೋಡ್ ಕೇಳಿ ಹಾಕಬೇಕು. ಐಎಫ್‌ಎಸ್‌ಸಿ ಕೋಡನ್ನು ಆ ಜಾಗದಲ್ಲಿ ತುಂಬಿದರೆ ಕೆಲಸ ಕೆಡುತ್ತದೆ.

ಆಡ್‌ಸೆನ್ಸ್ ಪಟ್ಟಿ 171.70ರ ಪಾವತಿ ತೋರಿಸಿ ಬಾಕಿ ಸೊನ್ನೆ ಮಾಡಿಕೊಂಡು ಮುಗಿಸುತ್ತದೆ. ಮುಂದಿನದೆಲ್ಲ ನಿಮ್ಮ ಬ್ಯಾಂಕಿನ ಲೆಕ್ಕ. ಮಾರುಕಟ್ಟೆ ದರ ₹87.50 ಇದ್ದ ದಿನ ಬ್ಯಾಂಕ್ ₹86.20ರಂತೆ ಕೊಂಡುಕೊಂಡಿತು ಎಂದುಕೊಳ್ಳಿ. ಆ ವ್ಯತ್ಯಾಸ ಬ್ಯಾಂಕಿನ ಲಾಭ, ಅದು ಶುಲ್ಕ ಎಂದು ಎಲ್ಲಿಯೂ ನಮೂದಾಗುವುದಿಲ್ಲ. ಶುಲ್ಕ ಬೇರೆ.

```
$171.70 × ₹86.20                       = ₹14,800.54
ಒಳಬರುವ ಹಣದ ಶುಲ್ಕ ₹250 + 18% ಜಿಎಸ್‌ಟಿ   −   ₹295.00
ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿ          −    ₹45.00
ಖಾತೆಗೆ ಜಮೆ                              = ₹14,460.54
```

₹250 ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ. ಕೊನೆಯ ₹45 ಮಾತ್ರ ನಿಯಮದಂತೆ ಬರುವುದು: ಒಂದು ಲಕ್ಷ ರೂಪಾಯಿವರೆಗಿನ ವಿನಿಮಯಕ್ಕೆ ಮೊತ್ತದ 1%, ಕನಿಷ್ಠ ₹250, ಸೇವೆಯ ಮೌಲ್ಯ ಎಂದು ಹಿಡಿದು ಅದರ ಮೇಲೆ 18% ಹಾಕುತ್ತಾರೆ. ಸಣ್ಣ ಮೊತ್ತವನ್ನು ಪದೇ ಪದೇ ತರಿಸುವವರಿಗೆ ಈ ಎರಡು ಸಾಲು ಭಾರ. ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವಂತೆ ಆಡ್‌ಸೆನ್ಸ್‌ನಲ್ಲಿ ಮಿತಿ ಏರಿಸಿದರೆ ₹340 ಮೂರು ಸಲ ಹೋಗುವ ಬದಲು ಅದಕ್ಕಿಂತ ತುಸು ಹೆಚ್ಚು ಮೊತ್ತ ಒಂದೇ ಸಲ ಹೋಗುತ್ತದೆ. ಹಣದ ತುರ್ತು ಇಲ್ಲದವರಿಗೆ ಮಾತ್ರ ಈ ಉಪಾಯ.

ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕ್ ಕೆಲವು ಡಾಲರ್ ಹಿಡಿದುಕೊಳ್ಳುವುದೂ ಉಂಟು. ಬ್ಯಾಂಕಿನ ಸೂಚನಾ ಪತ್ರದಲ್ಲಿ ಬಂದ ಡಾಲರ್ ಎಷ್ಟು ಎಂದಿರುತ್ತದೆ, ಅಲ್ಲಿ 171.70ಕ್ಕಿಂತ ಕಡಿಮೆಯಿದ್ದರೆ ಕಡಿತ ದಾರಿಯಲ್ಲಾಗಿದೆ, ಅಷ್ಟೇ ಇದ್ದರೆ ಕಡಿತ ನಿಮ್ಮ ಬ್ಯಾಂಕಿನದು. ಪಾವತಿ ಹೊರಟು ಹದಿನೈದು ದಿನವಾದರೂ ಜಮೆಯಾಗದಿದ್ದರೆ ವಹಿವಾಟಿನ ಪಟ್ಟಿಯಲ್ಲಿ ಪಾವತಿಯ ಸಾಲನ್ನು ಒತ್ತಿ ರಸೀದಿ ಮುದ್ರಿಸಿಕೊಂಡು ಬ್ಯಾಂಕಿಗೆ ಹೋಗಿ. ಎಷ್ಟೋ ಸಲ ಹಣ ಬ್ಯಾಂಕಿಗೆ ಬಂದು ಕುಳಿತಿರುತ್ತದೆ, ಪರ್ಪಸ್ ಕೋಡ್, ಅಂದರೆ ಯಾವ ಬಾಬ್ತಿಗೆ ಬಂದ ವಿದೇಶಿ ಹಣ ಎಂಬ ಸಂಕೇತ, ನೀವು ತಿಳಿಸಲಿ ಎಂದು ಕಾಯುತ್ತಿರುತ್ತಾರೆ.

8. ರಿಟರ್ನ್ಸ್ ಸಲ್ಲಿಸುವಾಗ ಯಾವ ಸಂಖ್ಯೆ ಬರೆಯಬೇಕು?

ಬ್ಯಾಂಕಿಗೆ ಬಂದ ₹14,460.54 ಅಲ್ಲ, 171.70 ಡಾಲರ್ ಕೂಡ ಅಲ್ಲ. ಆದಾಯವೆಂದು ತೋರಿಸಬೇಕಾದದ್ದು ಅಮೆರಿಕದ ತೆರಿಗೆ ಮುರಿಯುವ ಮೊದಲಿನ 178.60 ಡಾಲರಿನ ರೂಪಾಯಿ ಮೌಲ್ಯ. ಮುರಿದ 6.90 ಡಾಲರನ್ನು ಭಾರತದಲ್ಲಿ ಕಟ್ಟುವ ತೆರಿಗೆಯಲ್ಲಿ ವಜಾ ಕೇಳಬಹುದು. ನಿಮಗೆ ಇಲ್ಲಿ ತೆರಿಗೆಯೇ ಬೀಳದಷ್ಟು ಆದಾಯವಿದ್ದರೆ ವಜಾ ಮಾಡಲು ಏನೂ ಇರುವುದಿಲ್ಲ, ಆ ಹಣ ಮರಳಿಯೂ ಬರುವುದಿಲ್ಲ.

ವಜಾಕ್ಕೆ ಆಧಾರ 1042-S ಎಂಬ ಫಾರ್ಮು. ವರ್ಷ ಮುಗಿದ ಮೇಲೆ ಗೂಗಲ್ ಅದನ್ನು ತೆರಿಗೆ ಮಾಹಿತಿಯ ಅದೇ ಭಾಗದಲ್ಲಿ ಹಾಕುತ್ತದೆ. ಅದರ 2ನೇ ಚೌಕದಲ್ಲಿ ಅಮೆರಿಕದ ಮೂಲದ ಒಟ್ಟು ಆದಾಯ, 7a ಚೌಕದಲ್ಲಿ ಕಡಿತವಾದ ತೆರಿಗೆ ಇರುತ್ತದೆ. 2ನೇ ಚೌಕದ ಮೊತ್ತವನ್ನು ನಿಮ್ಮ ಇಡೀ ವರ್ಷದ ಗಳಿಕೆ ಎಂದು ತಿಳಿಯಬೇಡಿ, ಅದು ಅಮೆರಿಕದ ಪಾಲು ಮಾತ್ರ. ಇನ್ನೊಂದು ತೊಡಕು, ಆ ಫಾರ್ಮು ಜನವರಿಯಿಂದ ಡಿಸೆಂಬರಿನದು, ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚಿನದು. ಹಾಗಾಗಿ ಒಂದು ಫಾರ್ಮನ್ನು ನೇರವಾಗಿ ಒಂದು ರಿಟರ್ನ್ಸ್‌ಗೆ ಅಂಟಿಸಲು ಬರುವುದಿಲ್ಲ. ತಿಂಗಳವಾರು ತೆರಿಗೆಯ ಸಾಲುಗಳನ್ನು ಆಡ್‌ಸೆನ್ಸ್ ಪಟ್ಟಿಯಿಂದ ತೆಗೆದು ಏಪ್ರಿಲ್–ಮಾರ್ಚಿಗೆ ಕೂಡಿಸಿಕೊಡಬೇಕು.

2025-26ರ ಆರ್ಥಿಕ ವರ್ಷದ ಆದಾಯಕ್ಕೆ ವಜಾ ಕೇಳುವುದು ಆದಾಯ ತೆರಿಗೆ ಪೋರ್ಟಲ್‌ನ ಫಾರ್ಮ್ 67ರಲ್ಲಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಅದರ ಮುಂದಿನ ಆದಾಯಕ್ಕೆ ಫಾರ್ಮಿನ ಹೆಸರು ಮತ್ತು ನಿಯಮಗಳನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಫಾರ್ಮ್ 67ರ ಮಟ್ಟಿಗೆ, ಕಡಿತವಾದ ತೆರಿಗೆಯನ್ನು ರೂಪಾಯಿಗೆ ತಿರುಗಿಸುವ ದರ ಬ್ಯಾಂಕ್ ನಿಮಗೆ ಕೊಟ್ಟದ್ದಲ್ಲ. ತೆರಿಗೆ ಮುರಿದ ತಿಂಗಳಿಗೆ ಹಿಂದಿನ ತಿಂಗಳ ಕೊನೆಯ ದಿನದ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್ ಬೈಯಿಂಗ್ ದರ, ಅಂದರೆ ಬ್ಯಾಂಕ್ ಡಾಲರ್ ಕೊಂಡುಕೊಳ್ಳುವ ದರ. ನಮ್ಮ 6.90 ಡಾಲರ್ ಸೆಪ್ಟೆಂಬರ್‌ನಲ್ಲಿ ಕಡಿತವಾದ್ದರಿಂದ ಆಗಸ್ಟ್ 31ರ ದರ ಹಿಡಿಯಬೇಕು. ಲೆಕ್ಕಪರಿಶೋಧಕರ ಬಳಿ ಹೋಗುವಾಗ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದನ್ನೇ ಒಯ್ದರೆ ಅವರಿಗೆ ಈ 6.90 ಕಾಣುವುದೇ ಇಲ್ಲ. ಆಡ್‌ಸೆನ್ಸ್ ವಹಿವಾಟಿನ ಹನ್ನೆರಡು ತಿಂಗಳ ಪಟ್ಟಿಯನ್ನೂ ಮುದ್ರಿಸಿ ಒಯ್ಯಿರಿ.